ಒಂದು ಸುತ್ತು, ಎರಡು ಸುತ್ತು

ಮಕ್ಕಳೇ, ಮನೆಯ ಹಿರಿಯರೇ,

ಈ ವಾರ ನಿಮಗೊಂದು ಆಟ ಕೊಡುತ್ತೇನೆ. ಆಟ ಎಂದರೆ ನಾಟಕ. ಇದಕ್ಕೆ ರಂಗ ಬೇಡ, ಪರದೆ ಬೇಡ, ಮೈಕು ಬೇಡ. ಮೂರೂವರೆ ಮೀಟರ್ ಉದ್ದದ ಒಂದು ಹಗ್ಗ, ಒಂದು ಬೊಗಸೆ ಸುಣ್ಣದ ಪುಡಿ, ನಾಲ್ಕು ಟವೆಲ್ಲು, ಒಂದು ತಮಟೆ, ಎಂಟು ಜನ ಇದ್ದರೆ ಸಾಕು. ಇದು ಹುಟ್ಟಿದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಮೊದಲ ಸಲ ನಾವು ಮಾಡಿದ ನಾಟಕ ಕೆಟ್ಟಿತ್ತು.

ಹುಳಿಯಾರಿನ ಕಡೆಯ ಒಂದು ಹಳ್ಳಿಯಲ್ಲಿ ಕಾಲೇಜಿನ ಹುಡುಗರು ಏಳು ದಿನದ ಎನ್ನೆಸ್ಸೆಸ್ ಶಿಬಿರ ಹಾಕಿದ್ದರು. ಬೆಳಿಗ್ಗೆ ಚರಂಡಿ ಸ್ವಚ್ಛ ಮಾಡುವುದು, ಮಧ್ಯಾಹ್ನ ಮನೆ ಮನೆಗೆ ಹೋಗುವುದು, ಸಂಜೆ ಹಾಡು, ಭಾಷಣ. ಊರಿನ ನಡುವೆಯೇ ಎರಡು ಪಥದ ಡಾಂಬರು ರಸ್ತೆ ಹಾದುಹೋಗುತ್ತದೆ. ಆಚೆಗೆ ಶಾಲೆ, ಈಚೆಗೆ ಮನೆಗಳು. ಹಾಗಾಗಿ ರಸ್ತೆ ಸುರಕ್ಷತೆ ಬಗ್ಗೆ ಒಂದು ಬೀದಿ ನಾಟಕ ಮಾಡಿಸಿಕೊಡಿ ಎಂದು ನನ್ನನ್ನು ಕರೆದರು. ಮೂವತ್ತು ವರ್ಷ ಮೇಷ್ಟ್ರಾಗಿ ಶಾಲೆಯ ನಾಟಕ ಮಾಡಿಸಿದವನು ನಾನು. ಇದೇನು ಮಹಾ ಎಂದು ಒಪ್ಪಿಕೊಂಡೆ.

ಒಂದೇ ರಾತ್ರಿಯಲ್ಲಿ ನಾಟಕ ಬರೆದೆವು. ಹೆಲ್ಮೆಟ್ ಇಲ್ಲದ ಹುಡುಗ ಬೈಕಿನಿಂದ ಬೀಳುತ್ತಾನೆ, ಯಮಧರ್ಮರಾಯ ಕೋಣದ ಮೇಲೆ ಕುಣಿಯುತ್ತಾ ಬರುತ್ತಾನೆ, ಚಿತ್ರಗುಪ್ತ ಲೆಕ್ಕದ ಪುಸ್ತಕ ತೆಗೆಯುತ್ತಾನೆ. ನೀವೂ ಇಂಥ ನಾಟಕ ನೋಡಿರುತ್ತೀರಿ. ಸಂತೆಯ ದಿನ ಬಸ್ ನಿಲ್ದಾಣದ ಎದುರಿಗೆ ಆಡಿದೆವು. ಜನ ಬಿದ್ದು ಬಿದ್ದು ನಕ್ಕರು. ನಮಗೆಲ್ಲ ಗೆದ್ದ ಖುಷಿ.

ಆಗ ಎರಡು ಸಂಗತಿ ನಡೆದವು. ಜನ ಹೆಚ್ಚಾದ ಹಾಗೆ ಹಿಂದೆ ನಿಂತವರು ಸರಿದು ಸರಿದು ಡಾಂಬರಿನ ಮೇಲೆ ಹೋಗಿ ನಿಂತಿದ್ದರು, ಬೆನ್ನು ರಸ್ತೆಯ ಕಡೆಗೆ. ಒಂದು ಲಾರಿ ಹಾರ್ನ್ ಹೊಡೆಯುತ್ತಾ ಅವರ ಬೆನ್ನಿಗೆ ಮೊಳ ದೂರದಲ್ಲಿ ಹೋಯಿತು. ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಮೇಷ್ಟ್ರೇ, ರಸ್ತೇಲಿ ಹುಷಾರಾಗಿರಿ ಅಂತ ಹೇಳೋಕೆ ನಮ್ಮನ್ನ ರಸ್ತೇಲೇ ನಿಲ್ಲಿಸಿದ್ದೀರಲ್ಲ" ಎಂದರು. ತಲೆ ತಗ್ಗಿಸಿದೆ.

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಯಮ ಕುಣಿಯುವಾಗ ಮುಂದೆಯೇ ಕೂತಿದ್ದ, ಕಡಲೆಕಾಯಿ ಮಾರುವ ಒಬ್ಬ ಹೆಂಗಸು ಬುಟ್ಟಿ ಎತ್ತಿಕೊಂಡು ಎದ್ದು ಹೋದರು. ನಾಟಕ ಮುಗಿದ ಮೇಲೆ ಹುಡುಕಿಕೊಂಡು ಹೋಗಿ, "ಯಾಕಮ್ಮ ಎದ್ದು ಬಂದಿರಿ?" ಎಂದು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನ್ನ ದೊಡ್ಡ ಮಗ ಇದೇ ರಸ್ತೇಲಿ ಹೋದ ಸಾ. ಆವತ್ತು ಯಾರೂ ಕುಣೀಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. "ಅವ್ನು ಗಾಡಿ ಓಡಿಸ್ತಿರ್ಲಿಲ್ಲ. ನಡ್ಕೊಂಡು ದಾಟ್ತಿದ್ದ. ಗಾಡಿ ದೂರ ಐತೆ ಬಿಡು ಅಂದ್ಕೊಂಡು ದಾಟ್ದ. ಗಾಡಿ ಹುಡುಗಾನೂ ಪೊಲೀಸ್ನೋರ್ ಹತ್ರ ಅದೇ ಅಂದ್ನಂತೆ, ದೂರ ಇದ್ದ, ನಿಲ್ತೈತೆ ಅಂದ್ಕೊಂಡೆ ಅಂತ. ಇಬ್ರಿಗೂ ದೂರವೇ ಕಾಣ್ತಂತೆ."

ಆ ರಾತ್ರಿ ಶಿಬಿರದಲ್ಲಿ ಯಮನನ್ನೂ ಚಿತ್ರಗುಪ್ತನನ್ನೂ ತೆಗೆದುಹಾಕಿದೆವು. ಕುಡಿತ, ಮೊಬೈಲು, ಲೈಸೆನ್ಸು ಎಂದು ತುಂಬಿದ್ದ ಹತ್ತು ಬುದ್ಧಿಮಾತುಗಳನ್ನೂ ತೆಗೆದೆವು. ಉಳಿದದ್ದು ಒಂದೇ ಮಾತು: 'ದೂರ ಐತೆ ಬಿಡು.' ಆ ದೂರ ಎಷ್ಟು? ಅದನ್ನು ಜನರ ಕಣ್ಣ ಮುಂದೆ ಅಳೆದು ತೋರಿಸುವುದೇ ನಾಟಕ ಎಂದು ತೀರ್ಮಾನಿಸಿದೆವು.

ತಂಡದಲ್ಲಿ ಬಿಎಸ್ಸಿ ಓದುವ ಒಬ್ಬ ಹುಡುಗಿ ಇದ್ದಳು. ಅವಳು ಲೆಕ್ಕ ಹಾಕಿಕೊಟ್ಟಳು. ಬೈಕು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. 60ರಲ್ಲಿದ್ದರೆ ಸುಮಾರು 17 ಮೀಟರ್. ಕಣ್ಣು ಕಂಡು, ಮಿದುಳಿಗೆ ತಿಳಿದು, ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಆ ಒಂದು ಸೆಕೆಂಡು ಬೈಕು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ಬ್ರೇಕ್ ಹಿಡಿದ ಮೇಲೂ ತಕ್ಷಣ ನಿಲ್ಲುವುದಿಲ್ಲ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಚೆನ್ನಾಗಿರುವ ಬ್ರೇಕಿನಲ್ಲಿ, 40ರ ವೇಗದ ಗಾಡಿ ಇನ್ನೂ ಸುಮಾರು 10 ಮೀಟರ್ ಹೋಗುತ್ತದೆ. 60ರ ವೇಗದ ಗಾಡಿ ಸುಮಾರು 23 ಮೀಟರ್ ಹೋಗುತ್ತದೆ.

ಇಲ್ಲಿ ಒಬ್ಬ ಹುಡುಗ ತಡೆದ. "ಅದು ಹ್ಯಾಗೆ? ವೇಗ ಒಂದೂವರೆ ಪಟ್ಟು ತಾನೇ ಹೆಚ್ಚಾಗಿದ್ದು? ಹತ್ತು ಹದಿನೈದಾಗಬೇಕಿತ್ತು." ಒಳ್ಳೆಯ ಪ್ರಶ್ನೆ. ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿ, ಎರಡೂಕಾಲು ಬರುತ್ತದೆ. ಹತ್ತರ ಎರಡೂಕಾಲು ಪಟ್ಟು ಎಂದರೆ ಇಪ್ಪತ್ತೆರಡೂವರೆ. ಮಗ್ಗಿ ಬಂದರೆ ಸಾಕು, ಇದು ತಿಳಿಯುತ್ತದೆ.

ಕೂಡಿಸಿದರೆ ಹೀಗೆ. 40ರಲ್ಲಿ 11 ಮತ್ತು 10, ಒಟ್ಟು 21 ಮೀಟರ್. 60ರಲ್ಲಿ 17 ಮತ್ತು 23, ಒಟ್ಟು 40 ಮೀಟರ್.

ಆದರೆ ಇಪ್ಪತ್ತೊಂದು ಮೀಟರ್, ನಲವತ್ತು ಮೀಟರ್ ಎಂದು ಬಾಯಲ್ಲಿ ಹೇಳಿದರೆ ಸಂತೆಯಲ್ಲಿ ಯಾರು ಕೇಳುತ್ತಾರೆ? ನಡೆದು ತೋರಿಸಬೇಕು. ಬೀದಿ ನಾಟಕದಲ್ಲಿ ಜನ ಸುತ್ತಲೂ ನಿಂತಿರುತ್ತಾರೆ, ನಡುವೆ ನಲವತ್ತು ಮೀಟರ್ ಜಾಗ ಎಲ್ಲಿಂದ ತರುವುದು? ಆ ಹುಡುಗಿಯೇ ಹೇಳಿದಳು, "ಸಾರ್, ಸುತ್ತಲೂ ನಡೆದರಾಯ್ತು." ಮೂರೂವರೆ ಮೀಟರ್ ಹಗ್ಗದ ಒಂದು ತುದಿಯನ್ನು ನಡುವೆ ಒಬ್ಬರು ಹಿಡಿದು, ಇನ್ನೊಂದು ತುದಿಯಲ್ಲಿ ಸುಣ್ಣ ಉದುರಿಸುತ್ತಾ ಸುತ್ತಿ ಬಂದರೆ, ಆ ವೃತ್ತದ ಗೆರೆ ಸರಿಯಾಗಿ 22 ಮೀಟರ್ ಆಗುತ್ತದೆ. ಏಳನೇ ತರಗತಿಯ ಮಕ್ಕಳು ಬಾಯಲ್ಲೇ ಮಾಡಿ ನೋಡಿ: ಎರಡು ಸಲ ಮೂರೂವರೆ ಏಳು, ಅದನ್ನು ಏಳರಲ್ಲಿ ಇಪ್ಪತ್ತೆರಡರಿಂದ ಗುಣಿಸಿದರೆ ಇಪ್ಪತ್ತೆರಡು. ಅಂದರೆ 40ರ ವೇಗದ ಗಾಡಿ ಒಂದು ಸುತ್ತಿಗೆ ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ. 60ರದ್ದು ಹೆಚ್ಚುಕಡಿಮೆ ಎರಡು ಸುತ್ತು ಹೋಗುತ್ತದೆ. ಒಂದು ಸುತ್ತು, ಎರಡು ಸುತ್ತು. ಇದನ್ನು ಯಾರೂ ಮರೆಯುವುದಿಲ್ಲ.

ಇನ್ನೊಂದು ಅನುಕೂಲ ತಾನಾಗಿಯೇ ಸಿಕ್ಕಿತು. ವೃತ್ತದ ಅಡ್ಡಗಲ 7 ಮೀಟರ್. ಎರಡು ಪಥದ ರಸ್ತೆಯ ಡಾಂಬರಿನ ಅಗಲವೂ ಸಾಮಾನ್ಯವಾಗಿ 7 ಮೀಟರೇ. ಹಾಗಾಗಿ ವೃತ್ತವನ್ನು ಅಡ್ಡ ದಾಟಿದರೆ ರಸ್ತೆ ದಾಟಿದ ಹಾಗೆ.

ಗೆರೆಯ ಮೇಲೆ ಮೀಟರಿಗೊಂದರಂತೆ 22 ಸುಣ್ಣದ ಬೊಟ್ಟು ಇಡಿ. ಆಡುವ ಹುಡುಗ ಒಂದು ಬೊಟ್ಟಿನಿಂದ ಇನ್ನೊಂದಕ್ಕೆ ಒಂದೇ ದಾಪುಗಾಲು ಹಾಕಬೇಕು. ನಾವು ಮೊದಲು ಬೊಟ್ಟು ಇಟ್ಟಿರಲಿಲ್ಲ. ತಮಟೆ ಜೋರಾದ ಹಾಗೆ ಹುಡುಗನ ಹೆಜ್ಜೆಯೂ ಉದ್ದವಾಗಿ ಹದಿನೆಂಟಕ್ಕೇ ಸುತ್ತು ಮುಗಿಸಿಬಿಟ್ಟ, ಲೆಕ್ಕವೆಲ್ಲ ತಲೆಕೆಳಗಾಯಿತು.

ಇನ್ನು ಮಾತು. ರಂಗದ ಮೇಲಾದರೆ ನಟ ಒಂದೇ ಕಡೆ ಮುಖ ಮಾಡಿ ಮಾತಾಡಬಹುದು. ಇಲ್ಲಿ ಯಾವ ಕಡೆ ಮುಖ ಮಾಡಿದರೂ ಅರ್ಧ ಜನಕ್ಕೆ ಬೆನ್ನು. ಅದಕ್ಕೆ ಮುಖ್ಯವಾದ ಮಾತನ್ನು ಮೇಳದವರು ಮೂರು ದಿಕ್ಕಿಗೆ ತಿರುಗಿ ಮೂರು ಸಲ ಹೇಳುತ್ತಾರೆ. ಮಾತು ಗಿಡ್ಡವಾಗಿರಬೇಕು, ಒಂದು ಉಸಿರಿಗೆ ಮುಗಿಯಬೇಕು. ಸಂತೆಯಲ್ಲಿ ಜನ ನಡುವೆ ಬರುತ್ತಾರೆ, ನಡುವೆ ಹೋಗುತ್ತಾರೆ. ತಡವಾಗಿ ಬಂದವರಿಗೂ ಕಥೆ ತಿಳಿಯಬೇಕಾದರೆ ಒಂದೇ ಮಾತು ಮತ್ತೆ ಮತ್ತೆ ಬರುತ್ತಿರಬೇಕು. ಇದೇನೂ ಹೊಸದಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹಗಲುವೇಷದವರು ಮನೆ ಬಾಗಿಲಿಗೆ ಬಂದು ಹಾಡು ಹಗಲಲ್ಲೇ ಹೀಗೆ ಆಡುತ್ತಿದ್ದರು. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡದವರು ಕನ್ನಡದಲ್ಲಿ ಬೀದಿ ನಾಟಕವನ್ನು ಊರೂರಿಗೆ ಒಯ್ದರು. ಸುತ್ತ ನಿಂತ ಜನರ ನಡುವೆ ಆಡುವ ರೀತಿಯನ್ನು ನಾನು ನೋಡಿ ಕಲಿತದ್ದು ಅಂಥ ನಾಟಕಗಳಿಂದಲೇ.

ಈಗ ನಾಟಕ ಓದಿ. ಎಂಟು ಜನ: ತಮಟೆ ಹಿಡಿದ ಸೂತ್ರಧಾರಿ, ಅಜ್ಜಿ, ಬೈಕಿನ ಸೀನ, ಅವನ ಕಣ್ಣು, ಅವನ ಮಿದುಳು, ಅವನ ಕೈ, ಮತ್ತೆ ಮೇಳದ ಇಬ್ಬರು. ಬಿಡುವಾದವರೆಲ್ಲ ಮೇಳಕ್ಕೆ ಸೇರಿಕೊಳ್ಳುತ್ತಾರೆ.

ದೂರ ಐತೆ ಬಿಡು

(ತಮಟೆ. ಎಂಟು ಜನವೂ ಗೆರೆಯ ಮೇಲೆ ಸುತ್ತುತ್ತಾರೆ. ಚಿಕ್ಕ ಮಕ್ಕಳನ್ನು ಗೆರೆಯಿಂದ ಎರಡು ಹೆಜ್ಜೆ ಆಚೆಗೆ ಕೂರಿಸುತ್ತಾರೆ.)

ಸೂತ್ರಧಾರಿ: ಬನ್ನಿ ಬನ್ನಿ! ತಾತ ಬನ್ನಿ, ಅವ್ವ ಬನ್ನಿ! ಟಿಕೆಟ್ ಇಲ್ಲ, ಕುರ್ಚಿ ಇಲ್ಲ!

ಮೇಳ: ಪರದೆ ಇಲ್ಲ, ಮೈಕೂ ಇಲ್ಲ!

ಸೂತ್ರಧಾರಿ: ಮತ್ತೇನೈತೆ?

ಮೇಳ: ರಸ್ತೆ ಐತೆ!

ಸೂತ್ರಧಾರಿ: ಎಲ್ಲೈತೆ?

ಮೇಳ: (ಗೆರೆ ತೋರಿಸಿ) ಇಲ್ಲೈತೆ!

(ಅಜ್ಜಿ ಬರುತ್ತಾಳೆ. ಟವೆಲ್ಲಿನ ಗಂಟು ಕಂಕುಳಲ್ಲಿ.)

ಅಜ್ಜಿ: ಮೊಮ್ಮಗ ಬುತ್ತಿ ಬಿಟ್ಟು ಇಸ್ಕೂಲಿಗೆ ಹೋಗವ್ನೆ. ಕೊಟ್ಟು ಬರ್ಬೇಕು. (ಹಣೆಗೆ ಕೈ ಇಟ್ಟು ನೋಡಿ) ಯಾವ್ದೋ ಗಾಡಿ ಬತ್ತೈತೆ. ದೂರ ಐತೆ ಬಿಡು.

(ಸೀನ ಬರುತ್ತಾನೆ. ಕಣ್ಣು, ಮಿದುಳು, ಕೈ ಮೂವರೂ ಒಬ್ಬರ ಟವೆಲ್ ಒಬ್ಬರು ಹಿಡಿದು ರೈಲಿನ ಹಾಗೆ ಅವನ ಹಿಂದೆ.)

ಸೀನ: ಯಾವ್ದೋ ಅಜ್ಜಿ ದಾಟ್ತಾ ಐತೆ. ದೂರ ಐತೆ ಬಿಡು.

ಮೇಳ: (ಮೂರು ದಿಕ್ಕಿಗೆ) ದೂರ ಐತೆ ಬಿಡು! ದೂರ ಐತೆ ಬಿಡು! ದೂರ ಐತೆ ಬಿಡು!

ಸೂತ್ರಧಾರಿ: ನಿಲ್ಸಿ! (ಎಲ್ಲರೂ ಕಲ್ಲಾಗುತ್ತಾರೆ.) ಅಜ್ಜಿಗೂ ದೂರ, ಸೀನನಿಗೂ ದೂರ. ಎಷ್ಟು ದೂರ?

ಮೇಳ: ಅಳೀಬೇಕು!

ಸೂತ್ರಧಾರಿ: ಯಾರು ಎಣಿಸ್ತೀರಿ? (ಜನರ ನಡುವಿಂದ ಒಂದು ಮಗುವನ್ನು ಕರೆದು) ಬಾ ಮರಿ, ನೀನೇ ನಮ್ಮ ಮೀಟರ್ರು. ಜೋರಾಗಿ ಎಣಿಸು. ಒಂದು ಹೆಜ್ಜೆ ಒಂದು ಮೀಟರ್. ಸೀನ, ವೇಗ ಎಷ್ಟು?

ಸೀನ: ನಲವತ್ತು!

(ಸೀನ ಹೊರಡುತ್ತಾನೆ. ಅವನು ಬಿಟ್ಟ ಜಾಗಕ್ಕೇ ಅಜ್ಜಿ ಬಂದು ನಿಲ್ಲುತ್ತಾಳೆ. ಮಗು ಎಣಿಸುತ್ತದೆ.)

ಕಣ್ಣು: (ಒಂದನೇ ಹೆಜ್ಜೆಗೆ) ಕಂಡೆ!

ಮಿದುಳು: (ಐದಕ್ಕೆ) ಏನದು? (ಎಂಟಕ್ಕೆ) ಅಜ್ಜಿ! ಹಿಡಿ ಬ್ರೇಕು!

ಕೈ: (ಹನ್ನೊಂದಕ್ಕೆ) ಹಿಡಿದೆ!

(ಇಲ್ಲಿಂದ ಹೆಜ್ಜೆ ನಿಧಾನವಾಗುತ್ತದೆ, ತಮಟೆಯೂ ನಿಧಾನ. ಇಪ್ಪತ್ತೊಂದಕ್ಕೆ ಸೀನ ನಿಲ್ಲುತ್ತಾನೆ. ಅಜ್ಜಿ ಒಂದು ಹೆಜ್ಜೆ ಆಚೆ.)

ಅಜ್ಜಿ: (ಅವನ ಮೂಗಿನ ಮುಂದೆ ಗಂಟು ಹಿಡಿದು) ಬುತ್ತಿ ಚೆಲ್ಲಿದ್ರೆ ನೀನ್ ಕೊಡ್ತಿದ್ಯೇನ್ಲಾ?

(ಜನ ನಗುತ್ತಾರೆ. ನಗಲಿ.)

ಸೂತ್ರಧಾರಿ: ಎಷ್ಟಾಯ್ತು ಮರಿ? (ಮಗು ಹೇಳಿದ ಮೇಲೆ) ಇಪ್ಪತ್ತೊಂದು. ಈಗ ಅದೇ ಸೀನ, ಅದೇ ಅಜ್ಜಿ, ಅದೇ ಬ್ರೇಕು. ವೇಗ?

ಸೀನ: ಅರವತ್ತು!

(ಮತ್ತೆ ಹೊರಡುತ್ತಾನೆ.)

ಕಣ್ಣು: (ಒಂದಕ್ಕೆ) ಕಂಡೆ!

ಮಿದುಳು: (ಎಂಟಕ್ಕೆ) ಏನದು? (ಹದಿಮೂರಕ್ಕೆ) ಅಜ್ಜಿ! ಹಿಡಿ ಬ್ರೇಕು!

ಕೈ: (ಹದಿನೇಳಕ್ಕೆ) ಹಿಡಿದೆ!

(ಇಪ್ಪತ್ತೊಂದನೇ ಹೆಜ್ಜೆಗೆ ಅಜ್ಜಿ ಗಂಟನ್ನು ನೆಲದ ಮೇಲಿಟ್ಟು ಸದ್ದಿಲ್ಲದೆ ಗೆರೆಯ ಹೊರಗೆ ಹೋಗುತ್ತಾಳೆ. ತಮಟೆ ನಿಲ್ಲುತ್ತದೆ. ಸೀನನ ಹೆಜ್ಜೆ ನಿಲ್ಲುವುದಿಲ್ಲ, ಮಗುವಿನ ಎಣಿಕೆಯೂ ನಿಲ್ಲುವುದಿಲ್ಲ. ಗಂಟನ್ನು ದಾಟಿ ನಲವತ್ತಕ್ಕೆ ನಿಲ್ಲುತ್ತಾನೆ. ತಿರುಗಿ ನೋಡುತ್ತಾನೆ. ಯಾರೂ ಮಾತಾಡುವುದಿಲ್ಲ.)

ಸೀನ: (ಮೆಲ್ಲಗೆ) ದೂರ ಇತ್ತು.

ಸೂತ್ರಧಾರಿ: ನಲವತ್ತರಲ್ಲಿ ಬಂದವನು ಅಜ್ಜಿ ಮುಂದೆ ನಿಂತಿದ್ದ. ಅರವತ್ತರಲ್ಲಿ ಬಂದವನಿಗೆ ಅದೇ ಜಾಗದಲ್ಲಿ ಇನ್ನೂ ಐವತ್ತಕ್ಕಿಂತ ಹೆಚ್ಚು ವೇಗ ಉಳಿದಿತ್ತು.

ಮೇಳ: (ಮೂರು ದಿಕ್ಕಿಗೆ) ಒಂದು ಸುತ್ತು! ಎರಡು ಸುತ್ತು!

ಸೂತ್ರಧಾರಿ: ಇದು ನಾಟಕ. ಅಜ್ಜೀನ ವಾಪಸ್ ಕರೀಬಹುದು. (ಕರೆಯುತ್ತಾಳೆ. ಅಜ್ಜಿ ಬಂದು ಗಂಟು ಎತ್ತಿಕೊಳ್ಳುತ್ತಾಳೆ.) ಅಜ್ಜಿ, ನೀನು ದಾಟೋಕೆ ಎಷ್ಟು ಹೊತ್ತು ಬೇಕು?

ಅಜ್ಜಿ: ಮಂಡಿ ನೋವು ಕಣವ್ವ. ಎಂಟು ಎಣಿಸೋ ಹೊತ್ತು.

ಸೂತ್ರಧಾರಿ: ಈಗ ರಸ್ತೆ ಈ ಕಡೆಯಿಂದ ಆ ಕಡೆಗೆ, ವೃತ್ತದ ನಡುವೆ. ಸುತ್ತಿನ ಗೆರೆ ಬರೀ ಅಳತೆಗೆ. ತಮಟೆಗೆ ಒಂದು ಪೆಟ್ಟು ಬಿದ್ರೆ ಒಂದು ಸೆಕೆಂಡು. ಒಂದು ಪೆಟ್ಟಿಗೆ ಅಜ್ಜಿ ಒಂದು ಹೆಜ್ಜೆ. ಅರವತ್ತರ ಸೀನ ಮುಕ್ಕಾಲು ಸುತ್ತು!

(ಒಂದು ಪೆಟ್ಟು. ಅಜ್ಜಿ ಒಂದು ಹೆಜ್ಜೆ ಇಟ್ಟು ಕಲ್ಲಾಗುತ್ತಾಳೆ. ಸೀನ ಮುಕ್ಕಾಲು ಸುತ್ತು ಓಡಿ ನಿಲ್ಲುತ್ತಾನೆ. ಹೀಗೆ ಎಂಟು ಸಲ. ಅಜ್ಜಿ ಆಚೆ ದಡ ಸೇರುವಾಗ ಸೀನ ಆರು ಸುತ್ತು ಮುಗಿಸಿ ಏದುಸಿರು ಬಿಡುತ್ತಿರುತ್ತಾನೆ.)

ಸೂತ್ರಧಾರಿ: ಎಷ್ಟು ಸುತ್ತು?

ಜನ: ಆರು!

ಸೂತ್ರಧಾರಿ: ಆರು ಸುತ್ತು ಅಂದ್ರೆ ನೂರಾ ಮೂವತ್ತೆರಡು ಮೀಟರ್. ಅಷ್ಟು ದೂರದಲ್ಲಿ ಕಂಡ ಗಾಡಿ, ಅಜ್ಜಿ ಆಚೆ ಮುಟ್ಟೋ ಹೊತ್ತಿಗೆ ಇಲ್ಲಿರ್ತೈತೆ. ಅಜ್ಜಿ, ಈಗೇನ್ ಮಾಡ್ತೀಯ?

ಅಜ್ಜಿ: ಗಾಡಿ ದೂರ ಐತೆ ಅಂತ ದಾಟಾಕಿಲ್ಲ. ಗಾಡಿ ಹೋಗ್ಲಿ ಅಂತ ನಿಲ್ತೀನಿ. ಬುತ್ತಿ ಆರಿದ್ರೆ ಆರ್ಲಿ.

ಸೂತ್ರಧಾರಿ: ಸೀನ, ನೀನು?

ಸೀನ: ಊರು ಕಂಡ್ರೆ ನಲವತ್ತಕ್ಕೆ ಇಳೀತೀನಿ. ಅಜ್ಜಿ ಕಂಡ್ರೆ ಇನ್ನೂ ಇಳೀತೀನಿ.

ಮೇಳ: (ಮೂರು ದಿಕ್ಕಿಗೆ, ಜನರನ್ನು ಕೇಳುವ ಹಾಗೆ) ದೂರ ಐತಾ? ದೂರ ಐತಾ? ದೂರ ಐತಾ?

(ತಮಟೆ. ಮುಗಿಯಿತು.)

ಇಷ್ಟೇ ನಾಟಕ. ಆಡಿದರೆ ಹನ್ನೆರಡು ನಿಮಿಷ. ಸಂತೆಯಲ್ಲಿ ಜನ ಕಾಲ ಮೇಲೆ ನಿಂತು ನೋಡುತ್ತಾರೆ, ಚೀಲ ಕೈಯಲ್ಲಿರುತ್ತದೆ. ಹದಿನೈದು ನಿಮಿಷ ದಾಟಿದರೆ ಒಬ್ಬೊಬ್ಬರೇ ಜಾರುತ್ತಾರೆ.

ಡಿಕ್ಕಿಯನ್ನು ನಾವು ಆಡಿ ತೋರಿಸುವುದಿಲ್ಲ, ಗಮನಿಸಿದಿರಾ? ಬೀಳುವುದಿಲ್ಲ, ಚೀರುವುದಿಲ್ಲ, ಕೆಂಪು ಬಣ್ಣ ಬಳಿಯುವುದಿಲ್ಲ. ನೆಲದ ಮೇಲೆ ಬುತ್ತಿಯ ಗಂಟು ಉಳಿಯುತ್ತದೆ, ಮಗು ಎಣಿಸುತ್ತಿರುತ್ತದೆ, ಅಷ್ಟೆ. ಅಭ್ಯಾಸ ಮಾಡುವಾಗ ಹುಡುಗರು ಅಲ್ಲಿ ಹಿನ್ನೆಲೆಗೆ ಒಂದು ದುಃಖದ ಹಾಡು ಹಾಕೋಣ ಎಂದರು. ಬೇಡ ಎಂದೆ. ನೋಡುವವರಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ ನಮಗೆ ತಿಳಿಯದು. ಅವರ ದುಃಖವನ್ನು ನಾವು ಹಾಡಬಾರದು.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಮೊದಲನೆಯದು, ಈ ಅಳತೆ ಒಣಗಿದ ರಸ್ತೆಗೆ, ಕಣ್ಣು ರಸ್ತೆಯ ಮೇಲೇ ಇರುವ ಸವಾರನಿಗೆ. ಮಳೆ ಬಿದ್ದಿದ್ದರೆ, ಟೈರು ಸವೆದಿದ್ದರೆ, ಇನ್ನೂ ಮುಂದೆ ಹೋಗಿಯೇ ಗಾಡಿ ನಿಲ್ಲುವುದು. ತುಂಬಿದ ಲಾರಿಗೂ ಹೆಚ್ಚು ದೂರ ಬೇಕು. ಮೊಬೈಲು ನೋಡುತ್ತಾ ಅರವತ್ತರಲ್ಲಿ ಹೋಗುವವನಿಗೆ ಒಂದೊಂದು ಸೆಕೆಂಡಿಗೂ ಮುಕ್ಕಾಲು ಸುತ್ತು ಹೆಚ್ಚು ಎಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಎರಡನೆಯದು ಜಾಗದ ಮಾತು. ರಸ್ತೆಯ ಪಕ್ಕದಲ್ಲಿ ಇದನ್ನು ಆಡಲೇಬೇಡಿ. ಶಾಲೆಯ ಅಂಗಳ, ದೇವಸ್ಥಾನದ ಮುಂದಿನ ಬಯಲು, ಸಂತೆ ಮಾಳದ ಒಳಭಾಗ ಆಗಬಹುದು. ಮೊದಲು ಪಂಚಾಯಿತಿಯವರಿಗೆ ಹೇಳಿ. ಜನ ಹೆಚ್ಚಾದರೆ ಹಿಂದೆ ಸರಿಯುತ್ತಾರೆ, ಆಗ ಅವರ ಬೆನ್ನ ಹಿಂದೆ ಗೋಡೆಯೋ ಮರವೋ ಬಯಲೋ ಇರಬೇಕೇ ಹೊರತು ಡಾಂಬರು ಇರಬಾರದು. ನಮ್ಮ ಮೊದಲ ನಾಟಕದ ತಪ್ಪು ನಿಮ್ಮದಾಗದಿರಲಿ.

ನಾಟಕ ನಾಟಿತೋ ಇಲ್ಲವೋ ಎಂದು ತಿಳಿಯುವುದು ಚಪ್ಪಾಳೆಯಿಂದಲ್ಲ. ಮುಗಿದ ಮೇಲೆ ಜನರ ನಡುವೆ ಸುಮ್ಮನೆ ಓಡಾಡಿ, ಅವರ ಮಾತು ಕೇಳಿ. 'ಚೆನ್ನಾಗಿತ್ತು' ಎಂದು ಹೊರಟರೆ ಏನೂ ನಾಟಿಲ್ಲ. ನಮ್ಮಲ್ಲಿ ಒಬ್ಬ ಯುವಕ, "ಸುಳ್ಳು, ನನ್ನ ಬೈಕು ಅರವತ್ತರಲ್ಲೂ ಒಂದೇ ಸುತ್ತಿಗೆ ನಿಲ್ತದೆ" ಎಂದು ಜಗಳಕ್ಕೆ ಬಂದ. ಎಣಿಸಿದ್ದ ಹುಡುಗ, ನಾಲ್ಕನೇ ಕ್ಲಾಸಿನವನು, ಅವನ ಕೈ ಹಿಡಿದು ಬೊಟ್ಟಿನ ಮೇಲೆ ನಡೆಸುತ್ತಾ, "ಇಲ್ನೋಡಣ್ಣ, ಕೈ ಬ್ರೇಕ್ ಹಿಡಿಯೋ ಹೊತ್ತಿಗೇ ಹದಿನೇಳಾಗೋಯ್ತು, ಇನ್ನು ಉಳಿದಿರೋದೇ ಐದು" ಎಂದ. ಯುವಕ ಬೊಟ್ಟು ನೋಡುತ್ತಾ ನಿಂತುಬಿಟ್ಟ. ಆಗ ನನಗೆ ಸಮಾಧಾನವಾಯಿತು.

ಎರಡನೇ ಸಲ ಆಡಿದ್ದು ಶಿಬಿರದ ಕೊನೆಯ ದಿನ ಸಂಜೆ, ಶಾಲೆಯ ಅಂಗಳದಲ್ಲಿ. ಕಡಲೆಕಾಯಿಯ ತಾಯಿ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದಿದ್ದರು. ಗೇಟಿನ ಹತ್ತಿರ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು, ಬೇಕಾದರೆ ಹೊರಟುಬಿಡುವವರ ಹಾಗೆ. ಅರವತ್ತರ ಸುತ್ತು ಶುರುವಾದಾಗ ನನ್ನ ಕಣ್ಣು ಅವರ ಮೇಲೇ ಇತ್ತು. ಗಂಟು ನೆಲಕ್ಕೆ ಬಂತು, ತಮಟೆ ನಿಂತಿತು. ಅವರು ಬುಟ್ಟಿ ಕೆಳಗಿಟ್ಟರು. ಹುಡುಗನ ಎಣಿಕೆಯ ಜೊತೆಗೆ ಅವರ ತುಟಿಯೂ ಆಡುತ್ತಿತ್ತು. ನಲವತ್ತರವರೆಗೂ ಎಣಿಸಿದರು.

ಜನ ಚದುರಿದ ಮೇಲೆ ಹತ್ತಿರ ಬಂದರು. ನಾನು ಏನೋ ಹೇಳಲು ಹೊರಟೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಆಡ್ತೀರಾ ಸಾ? ನನ್ನ ಚಿಕ್ಕ ಮಗ ಕೆಲ್ಸದಿಂದ ಬರೋ ಹೊತ್ತಾಯ್ತು. ಹೋದ ತಿಂಗ್ಳು ಅವ್ನೂ ಗಾಡಿ ತಗೊಂಡವ್ನೆ."

ಹುಡುಗರೆಲ್ಲ ದಣಿದಿದ್ದರು, ಬಸ್ಸಿಗೂ ಹೊತ್ತಾಗಿತ್ತು. ಸೀನನ ಪಾತ್ರದ ಹುಡುಗ ನನ್ನ ಮುಖ ನೋಡಲಿಲ್ಲ. ಸುಣ್ಣದ ಡಬ್ಬಿ ತೆಗೆದುಕೊಂಡು, ಜನರ ಕಾಲಿಗೆ ಸಿಕ್ಕಿ ಅಳಿಸಿಹೋಗಿದ್ದ ಬೊಟ್ಟುಗಳನ್ನು ಒಂದೊಂದಾಗಿ ಮತ್ತೆ ಇಡತೊಡಗಿದ. ಇಪ್ಪತ್ತೆರಡೂ.